ಉಪವಾಸ ಔಷಧವೇ? ಮಗಳೊಬ್ಬಳ ಪ್ರಶ್ನೆಗೆ ಒಂದು ನಿಮಿಷದ ಉತ್ತರ

ನಮ್ಮ ಜಮಾಅತಿನ ಯುವಕರು ರಮಝಾನ್ ಬಂತೆಂದರೆ ಮೊಬೈಲಿನಲ್ಲಿ ನೋಡುವ ಚಿಕ್ಕ ಪ್ರಶ್ನೋತ್ತರ ವೀಡಿಯೊಗಳನ್ನು ಮಾಡುತ್ತಾರೆ. ವೀಕ್ಷಕರು ಕಳಿಸಿದ ಆರೋಗ್ಯದ ಪ್ರಶ್ನೆಗಳು ನನ್ನ ಪಾಲಿಗೆ ಬರುತ್ತವೆ. ಈ ಸಲ ಬಂದ ಒಂದು ಪ್ರಶ್ನೆ ನಿಮ್ಮಲ್ಲಿ ಅನೇಕರ ಮನೆಯದ್ದೂ ಆಗಿರಬಹುದು. ಆದ್ದರಿಂದ ವೀಡಿಯೊಗೆ ಬರೆದುಕೊಟ್ಟ ಉತ್ತರವನ್ನು ಮೊದಲು ಕೊಟ್ಟು, ಒಂದು ನಿಮಿಷದಲ್ಲಿ ಹೇಳಲಾಗದ ಮಾತನ್ನು ಆಮೇಲೆ ಹೇಳುತ್ತೇನೆ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ಉಪವಾಸ ಆರೋಗ್ಯಕ್ಕೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಸಕ್ಕರೆ ಕಾಯಿಲೆ ಇರುವ ನಮ್ಮ ಅಬ್ಬಾ ಉಪವಾಸ ಹಿಡಿಯಬಾರದು ಎಂದು ಯಾಕೆ ಹೇಳುತ್ತೀರಿ? ಅಷ್ಟಕ್ಕೂ ಜನ ಉಪವಾಸ ಹಿಡಿಯುವುದು ಯಾಕೆ?

ಉತ್ತರ: ಅಸ್ಸಲಾಮು ಅಲೈಕುಂ. ತಂಗೀ, ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಉಪವಾಸ ಔಷಧವಾಗಿದ್ದರೆ ಅದನ್ನು ಮೊದಲು ರೋಗಿಗೇ ಕೊಡಬೇಕಿತ್ತು. ಆದರೆ ಕುರ್‌ಆನ್ ಉಪವಾಸವನ್ನು ಕಡ್ಡಾಯಗೊಳಿಸಿದ ಬೆನ್ನಿಗೇ ರೋಗಿಗೆ ಮತ್ತು ಪ್ರಯಾಣಿಕನಿಗೆ ವಿನಾಯಿತಿ ಕೊಟ್ಟಿದೆ. ಅದು ಹೇಳಿದ ಉದ್ದೇಶ ತಕ್ವಾ, ಅಂದರೆ ಅಲ್ಲಾಹನನ್ನು ನೆನೆದು ತನ್ನನ್ನು ತಾನು ತಡೆದುಕೊಳ್ಳುವ ಎಚ್ಚರ. ನಾವು ಉಪವಾಸ ಹಿಡಿಯುವುದು ಅವನ ಆಜ್ಞೆಯೆಂದು. ದೇಹಕ್ಕೆ ಲಾಭವಾದರೆ ಅದು ಮೇಲಿನ ಕೊಡುಗೆ. ಆಜ್ಞೆ ಕೊಟ್ಟವನೇ ವಿನಾಯಿತಿಯನ್ನೂ ಕೊಟ್ಟಿದ್ದಾನೆ. ಅದನ್ನು ಸ್ವೀಕರಿಸಿದರೆ ನಿಮ್ಮ ಅಬ್ಬಾರ ಈಮಾನ್ ಕಡಿಮೆಯಾಗುವುದಿಲ್ಲ. ರಮಝಾನ್‌ಗೆ ಮೊದಲೇ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ.

ವೀಡಿಯೊದ ಮಾತು ಇಷ್ಟೇ. ಇನ್ನು ಉಳಿದದ್ದು.

ಉಪವಾಸದಿಂದ ಆರೋಗ್ಯ ಸಿಗುತ್ತದೆ ಎಂಬರ್ಥದ ಒಂದು ಮಾತು ಪ್ರವಾದಿಯವರ(ಸ) ಹೆಸರಿನಲ್ಲಿ ಎಲ್ಲೆಡೆ ಓಡಾಡುತ್ತದೆ. ಹದೀಸ್ ವಿದ್ವಾಂಸರು ಅದರ ಸನದನ್ನು ದುರ್ಬಲವೆಂದಿದ್ದಾರೆ. ನಮ್ಮ ಯೂನಾನಿ ವೈದ್ಯದಲ್ಲೂ ಆಹಾರ ಬಿಡಿಸುವ ಚಿಕಿತ್ಸೆಯಿದೆ. ಅದಕ್ಕೆ ತರ್ಕೆ ಗಿಝಾ ಎನ್ನುತ್ತೇವೆ. ಕಾಯಿಲೆ ಜೋರಾಗಿರುವಾಗ ತಬಿಯತ್, ಅಂದರೆ ದೇಹವನ್ನು ನಡೆಸುವ ಶಕ್ತಿ, ಅನ್ನ ಅರಗಿಸುವುದರಲ್ಲಿ ಸವೆಯದೆ ಕಾಯಿಲೆಯ ಕಡೆ ತಿರುಗಲಿ ಎಂಬುದು ಅದರ ಲೆಕ್ಕ. ಆದರೆ ಹಕೀಮರು ಮೊದಲು ರೋಗಿಯ ಬಲ ನೋಡುತ್ತಿದ್ದರು, ಆಮೇಲೆ ಎಷ್ಟು ಹೊತ್ತು ಬಿಡಿಸಬೇಕೆಂದು ನಿರ್ಧರಿಸುತ್ತಿದ್ದರು. ಬಲವಿಲ್ಲದವನಿಗೆ ಆಹಾರ ಬಿಡಿಸುವುದಿಲ್ಲ, ಹಗುರ ಮಾಡಿ ಕೊಡುತ್ತೇವೆ. ಔಷಧವಾಗಿ ಮಾಡುವ ಉಪವಾಸಕ್ಕೂ ಅಳತೆಯಿದೆ, ಆರಾಧನೆಯಾಗಿ ಮಾಡುವ ಉಪವಾಸಕ್ಕೂ ವಿನಾಯಿತಿಯಿದೆ. ಎರಡನ್ನೂ ಬೆರೆಸಿದಾಗಲೇ ಅಪಾಯ ಹುಟ್ಟುತ್ತದೆ.

ಅಂತಹ ಒಂದು ಅಪಾಯ ನನ್ನ ಕಣ್ಣೆದುರೇ ನಡೆಯಿತು. ಅಸ್ರ್ ನಮಾಝಿನ ಹೊತ್ತಿಗೆ ಐವತ್ತೆಂಟರ ಪ್ರಾಯದ ಒಬ್ಬರನ್ನು ಅವರ ಮಗ ನನ್ನ ದವಾಖಾನೆಗೆ ಕರೆತಂದ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು. ಮಗ ಏನು ಕೇಳಿದರೂ ಸಿಡುಕುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58. "ಇನ್ನು ಎರಡೂವರೆ ಗಂಟೆ ಅಷ್ಟೇ, ಡಾಕ್ಟರ್ ಸಾಹೇಬರೇ, ಇಫ್ತಾರ್ ಆಗಿಬಿಡುತ್ತದೆ" ಎಂದರು. ನಾನು ಕಾಯಲಿಲ್ಲ. ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿದೆ. ಹದಿನೈದು ನಿಮಿಷದ ನಂತರ 84 ಆಯಿತು. ಆಗ ಊಟ ತರಿಸಿದೆವು. ಅವರು ಕಣ್ಣೊರೆಸಿಕೊಳ್ಳುತ್ತಾ ತಿಂದರು.

ಹೀಗೇಕಾಯಿತು? ಸಹರಿಯಲ್ಲಿ ತಿಂದದ್ದು ನಾಲ್ಕೈದು ಗಂಟೆಯಲ್ಲಿ ಅರಗಿ ರಕ್ತಕ್ಕೆ ಸೇರಿಬಿಡುತ್ತದೆ. ಅದರ ನಂತರ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಆ ದಾಸ್ತಾನು ಇಳಿಯುತ್ತಾ ಬಂದ ಹಾಗೆ ದೇಹ ಕೊಬ್ಬನ್ನು ಹೆಚ್ಚಾಗಿ ಬಳಸತೊಡಗುತ್ತದೆ. ಆರೋಗ್ಯವಂತರಲ್ಲಿ ಸಕ್ಕರೆ ಕಡಿಮೆಯಾದಂತೆ ಇನ್ಸುಲಿನ್ ಸಹ ತಾನಾಗಿ ಕಡಿಮೆಯಾಗುತ್ತದೆ, ಹಾಗಾಗಿ ಮಗ್ರಿಬ್‌ವರೆಗೆ ತೊಂದರೆಯಿಲ್ಲದೆ ಸಾಗುತ್ತದೆ. ಆದರೆ ಇವರು ಗ್ಲಿಮೆಪಿರೈಡ್ ಎಂಬ ಮಾತ್ರೆ ಸೇವಿಸುತ್ತಿದ್ದರು. ಗ್ಲಿಬೆನ್‌ಕ್ಲಮೈಡ್ ಕೂಡ ಅದೇ ಗುಂಪಿನದು. ನೀವು ಉಂಡಿದ್ದೀರೋ ಇಲ್ಲವೋ ಎಂದು ಈ ಮಾತ್ರೆ ನೋಡುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಬೆಳಗಿನ ತಿಂಡಿಯ ಮೊದಲು ನುಂಗುತ್ತಿದ್ದ ಪೂರ್ತಿ ಮಾತ್ರೆಯನ್ನು ಅವರು ಸಹರಿಯಲ್ಲಿ ನುಂಗಿದ್ದರು. ತಿಂದದ್ದು ಚಹಾ ಮತ್ತು ಎರಡು ರಸ್ಕ್ ಮಾತ್ರ. ಸಕ್ಕರೆ ಇಳಿಯದೆ ಇನ್ನೇನಾದೀತು?

ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಹೀಗೆ ಸಕ್ಕರೆ ಕುಸಿಯುವುದು ಅಪರೂಪ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಅಪಾಯ ಹೆಚ್ಚು. ಮೂತ್ರಪಿಂಡ ಕೆಟ್ಟವರು, ಇತ್ತೀಚೆಗೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದವರು, ಸಕ್ಕರೆ ಕಾಯಿಲೆಯ ಗರ್ಭಿಣಿಯರು ಉಪವಾಸದ ಸಾಹಸಕ್ಕೆ ಇಳಿಯಬಾರದು. ಆದ್ದರಿಂದ "ಶುಗರ್ ಇದೆ, ರೋಝಾ ಹಿಡಿಯಬಹುದೇ" ಎಂದು ಯಾರಾದರೂ ಕೇಳಿದರೆ, ನಾನು ಮೊದಲು ಮಾತ್ರೆಯ ಚೀಟಿ ಕೇಳುತ್ತೇನೆ.

ಮನೆಯವರು ಗುರುತಿಸಬೇಕಾದ ಲಕ್ಷಣಗಳು ಇವು: ಬೆವರು, ನಡುಕ, ಎದೆಬಡಿತ, ಕಾರಣವಿಲ್ಲದ ಸಿಟ್ಟು, ತೊದಲು ಮಾತು. ಉಪವಾಸದ ಸಿಡುಕು ಎಂದು ಇದನ್ನು ಸುಮ್ಮನೆ ಬಿಡಬೇಡಿ, ಬೆರಳು ಚುಚ್ಚಿ ನೋಡಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಅಥವಾ 300 ದಾಟಿದ್ದರೆ ಉಪವಾಸ ತೊರೆಯಬೇಕು, ಅಝಾನ್‌ಗೆ ಹತ್ತೇ ನಿಮಿಷ ಇದ್ದರೂ ಸರಿ. ಯಂತ್ರ ಇಲ್ಲದಿದ್ದರೆ ಲಕ್ಷಣವೇ ಸಾಕು, ಮೊದಲು ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಿರಿ. ರಕ್ತ ಪರೀಕ್ಷೆಗಾಗಿ ಬೆರಳು ಚುಚ್ಚಿದರೆ ಉಪವಾಸ ಮುರಿಯುವುದಿಲ್ಲ ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಮುರಿಯುತ್ತದೆಂದು ಹೆದರಿ ಪರೀಕ್ಷೆ ಮಾಡಿಸಿಕೊಳ್ಳದವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಆ ಹಿರಿಯರು ಆ ರಮಝಾನಿನ ಉಳಿದ ಉಪವಾಸಗಳನ್ನು ಬಿಟ್ಟರು. ಮುಂದಿನ ವರ್ಷ ಎರಡು ತಿಂಗಳು ಮೊದಲೇ ತಮ್ಮ ಸಕ್ಕರೆ ಕಾಯಿಲೆಯ ವೈದ್ಯರನ್ನು ಕಂಡರು. ವೈದ್ಯರು ಮಾತ್ರೆಯ ದೊಡ್ಡ ಪ್ರಮಾಣವನ್ನು ಇಫ್ತಾರ್‌ಗೆ ಸರಿಸಿ, ಸಹರಿಯದನ್ನು ಕಡಿಮೆ ಮಾಡಿದರು. ಇದು ಅವರ ರಕ್ತ ಪರೀಕ್ಷೆ ನೋಡಿ ಮಾಡಿದ ಬದಲಾವಣೆ, ನೀವು ಮನೆಯಲ್ಲಿ ನಕಲು ಮಾಡಬೇಡಿ. ಸಹರಿಯನ್ನು ಅವರು ಈಗ ಕೊನೆಯ ಹೊತ್ತಿಗೆ ಉಣ್ಣುತ್ತಾರೆ. ರಾಗಿ ಅಥವಾ ಗೋಧಿ ರೊಟ್ಟಿ, ಬೇಳೆ, ಮೊಟ್ಟೆ, ಮೊಸರು ಇರುತ್ತದೆ. ಮಧ್ಯಾಹ್ನ ಮತ್ತು ಅಸ್ರ್ ಹೊತ್ತಿಗೆ ಸಕ್ಕರೆ ನೋಡಿಕೊಳ್ಳುತ್ತಾರೆ. ಆ ವರ್ಷ ಮೂರು ದಿನ ಉಪವಾಸ ಬಿಡಬೇಕಾಯಿತು. ಅದನ್ನು ಹಗಲು ಚಿಕ್ಕದಿರುವ ಡಿಸೆಂಬರಿನಲ್ಲಿ, ವೈದ್ಯರನ್ನು ಕೇಳಿಯೇ, ಖಝಾ ಮಾಡಿದರು.

ಗುಣವಾಗುವ ನಿರೀಕ್ಷೆಯಿಲ್ಲದ, ಎಂದಿಗೂ ಉಪವಾಸ ಹಿಡಿಯಲಾಗದ ರೋಗಿ ಪ್ರತಿ ಉಪವಾಸಕ್ಕೆ ಒಬ್ಬ ಬಡವನ ಊಟವನ್ನು ಫಿದ್ಯಾ ಆಗಿ ಕೊಡಬೇಕು. ಎಷ್ಟೆಂಬುದನ್ನು ನಿಮ್ಮ ಮದ್‌ಹಬಿನ ಆಲಿಮರಲ್ಲಿ ಕೇಳಿಕೊಳ್ಳಿ. ನಿಮ್ಮ ಅಬ್ಬಾ ಆ ಊಟವನ್ನು ತಮ್ಮ ಕೈಯಾರೆ ಕೊಡಲಿ. ಹಸಿವನ್ನು ಅರಿಯಲು ಉಪವಾಸ ಹಿಡಿಯಲಾಗದವರು, ಅದೇ ತಿಂಗಳು ಇನ್ನೊಬ್ಬರ ಹಸಿವನ್ನು ನೀಗಿಸುತ್ತಾರೆ. ಅಲ್ಲಾಹನು ಅವರಿಗಾಗಿ ತೆರೆದಿಟ್ಟ ಬಾಗಿಲು ಅದು, ಮನೆಯವರಾದ ನಾವು ಅದನ್ನು ಮುಚ್ಚದಿರೋಣ.