ಫೋನಿಗೆ ಸುರಿಯುವ ಒಪ್ಪಿಗೆಯ ಕೋರಿಕೆಗಳು

2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ ವ್ಯಕ್ತಿಯೊಬ್ಬರ ಫೋನಿಗೆ ಮೇಲಿಂದ ಮೇಲೆ ಒಂದೇ ಸಂದೇಶ ಬರತೊಡಗಿತು. ಕಂಪನಿಯ ಖಾತೆಗೆ ಯಾರೋ ಲಾಗಿನ್ ಆಗುತ್ತಿದ್ದಾರೆ, ಒಪ್ಪುತ್ತೀರಾ ಎಂಬ ಕೋರಿಕೆ ಅದು. ಮೊದಲು ಬಂದವಕ್ಕೆ ಒಪ್ಪಿಗೆ ಸಿಗಲಿಲ್ಲ, ಖಾತೆಯ ಬಾಗಿಲೂ ತೆರೆಯಲಿಲ್ಲ. ಆದರೂ ಕೋರಿಕೆಗಳು ನಿಲ್ಲಲಿಲ್ಲ. ಕೊನೆಗೆ ಒಂದಕ್ಕೆ ಒಪ್ಪಿಗೆ ಬಿತ್ತು.

ದಾಳಿಕೋರ ಭದ್ರತಾ ಸಂಶೋಧಕರೊಬ್ಬರಿಗೆ ಹೇಳಿಕೊಂಡ ಪ್ರಕಾರ, ಒಂದು ಗಂಟೆಗೂ ಹೆಚ್ಚು ಕಾಲ ಕೋರಿಕೆ ಕಳಿಸಿದ ಮೇಲೆ ಅವನು ವಾಟ್ಸ್ಆ್ಯಪ್‌ನಲ್ಲಿ ಆ ವ್ಯಕ್ತಿಯನ್ನೇ ಸಂಪರ್ಕಿಸಿದ್ದ. ತಾನು ಊಬರ್‌ನ ಐಟಿ ವಿಭಾಗದವನು, ಈ ಕಾಟ ನಿಲ್ಲಬೇಕಾದರೆ ಒಮ್ಮೆ ಒಪ್ಪಿಬಿಡಿ ಎಂದಿದ್ದ. ಕಾಟ ಕೊಟ್ಟವನೇ ಪರಿಹಾರ ಹೇಳುವವನಾಗಿಯೂ ಬಂದದ್ದು ಈ ದಾಳಿಯ ತಿರುಳು. ಒಳಹೊಕ್ಕವನು ಅಲ್ಲಿಂದ ಬೇರೆ ಉದ್ಯೋಗಿಗಳ ಖಾತೆಗಳಿಗೂ ದಾರಿ ಮಾಡಿಕೊಂಡು, ಕಂಪನಿಯ ಎಲ್ಲರೂ ನೋಡುವ ಸ್ಲ್ಯಾಕ್ ವಾಹಿನಿಯಲ್ಲೇ ಸಂದೇಶ ಹಾಕಿದ.

ಪಾಸ್‌ವರ್ಡ್ ಅವನ ಕೈಗೆ ಸಿಕ್ಕಿದ್ದು ಹೇಗೆ? ಗುತ್ತಿಗೆದಾರರ ಸ್ವಂತ ಸಾಧನಕ್ಕೆ ಮಾಲ್‌ವೇರ್ ಸೇರಿ ಪಾಸ್‌ವರ್ಡ್ ಸೋರಿತ್ತು, ಅದನ್ನು ದಾಳಿಕೋರ ಡಾರ್ಕ್ ವೆಬ್‌ನಲ್ಲಿ ಕೊಂಡಿರಬಹುದು ಎಂದು ಊಬರ್ ಹೇಳಿತು. ಇದು ನಮ್ಮ ನಿಮ್ಮ ಖಾತೆಗೂ ಮುಖ್ಯವಾದ ಮಾತು. ಸಾಮಾನ್ಯವಾಗಿ ಒಪ್ಪಿಗೆಯ ಕೋರಿಕೆ ಫೋನಿಗೆ ಬರುವುದು ಸರಿಯಾದ ಪಾಸ್‌ವರ್ಡ್ ಟೈಪ್ ಮಾಡಿದ ನಂತರ. ಹಾಗಾಗಿ ನೀವು ಲಾಗಿನ್ ಮಾಡದಿರುವಾಗ ಕೋರಿಕೆ ಬಂತೆಂದರೆ, ಪಾಸ್‌ವರ್ಡ್ ಆಗಲೇ ಬೇರೆಯವರ ಬಳಿ ಇದೆ ಎಂದೇ ತಿಳಿಯಬೇಕು. ಪಾಸ್‌ವರ್ಡ್ ಇಲ್ಲದೆ ಫೋನಿನಿಂದಲೇ ಲಾಗಿನ್ ಆಗುವ ವ್ಯವಸ್ಥೆಗಳಲ್ಲಿ ಮತ್ತು ಪಾಸ್‌ವರ್ಡ್ ಮರೆತಾಗ ಬರುವ ಕೋರಿಕೆಗಳಲ್ಲಿ ಮಾತ್ರ, ನಿಮ್ಮ ಇಮೇಲ್ ಅಥವಾ ಫೋನ್ ನಂಬರ್ ಗೊತ್ತಿದ್ದವರೂ ಅದನ್ನು ಕಳಿಸಬಲ್ಲರು.

ಒಟಿಪಿಯಾದರೆ ದಾಳಿಕೋರ ಹೇಗಾದರೂ ಆ ಅಂಕಿಗಳನ್ನು ನಿಮ್ಮಿಂದ ಹೊರಡಿಸಬೇಕು. ಇಲ್ಲಿ ಅಷ್ಟೂ ಬೇಕಿಲ್ಲ, ನಿದ್ದೆಗಣ್ಣಿನಲ್ಲಿ ಒಂದು ಬೆರಳು ತಾಗಿದರೆ ಸಾಕು. ಯಾವ ಕಂಪ್ಯೂಟರ್ ಮುಂದೆ ಕೂತವರಿಗೆ ಒಪ್ಪಿಗೆ ಸಿಗುತ್ತಿದೆ ಎಂಬುದು ಒತ್ತುವವರಿಗೆ ಕಾಣುವುದಿಲ್ಲ. ಕೆಲವು ಆ್ಯಪ್‌ಗಳು ಊರಿನ ಹೆಸರು ತೋರಿಸುತ್ತವೆ ನಿಜ, ಆದರೆ ಅದು ಇಂಟರ್‌ನೆಟ್ ವಿಳಾಸದಿಂದ ಅಂದಾಜು ಮಾಡಿದ್ದು. ನಮ್ಮೂರಿನ ಹೆಸರೇ ಕಂಡಿತೆಂದು ಒಪ್ಪಬಾರದು.

ಹಾಗಾದರೆ ಕೋರಿಕೆಯನ್ನು ಸುಮ್ಮನೆ ಬಿಟ್ಟುಬಿಟ್ಟರೆ ಆಗದೇ? ಸ್ವಲ್ಪ ಹೊತ್ತಿನಲ್ಲಿ ಅದರ ಅವಧಿ ಮುಗಿಯುತ್ತದೆ, ಖಾತೆಯೂ ತೆರೆಯುವುದಿಲ್ಲ. ಆದರೆ ‘ನಾನಲ್ಲ’ ಅಥವಾ ‘ನಿರಾಕರಿಸಿ’ ಒತ್ತುವುದೇ ಮೇಲು. ಆ ನಿರಾಕರಣೆ ದಾಖಲಾಗುತ್ತದೆ, ಎಷ್ಟೋ ಕಚೇರಿಗಳಲ್ಲಿ ಭದ್ರತಾ ವಿಭಾಗಕ್ಕೆ ಎಚ್ಚರಿಕೆಯೂ ಹೋಗುತ್ತದೆ. ಐಟಿಯವರೆಂದು ಕರೆ ಬಂದರೆ ಇಟ್ಟುಬಿಡಿ, ನಿಮ್ಮ ಬಳಿ ಮೊದಲೇ ಇರುವ ನಂಬರಿಗೆ ನೀವೇ ಫೋನ್ ಮಾಡಿ.

ನಿರಾಕರಿಸಿದರೆ ಆ ಒಂದು ಪ್ರಯತ್ನವಷ್ಟೇ ನಿಲ್ಲುತ್ತದೆ, ಪಾಸ್‌ವರ್ಡ್ ಅವನ ಬಳಿಯೇ ಉಳಿಯುತ್ತದೆ. ಅದನ್ನು ಕೂಡಲೇ ಬದಲಿಸಬೇಕು, ಅದೂ ಸಂದೇಶದಲ್ಲಿ ಬಂದ ಲಿಂಕ್‌ನಿಂದಲ್ಲ. ಗೂಗಲ್ ಖಾತೆಯಾದರೆ myaccount.google.com ಎಂದು ಬ್ರೌಸರ್‌ನಲ್ಲಿ ತಾವೇ ಟೈಪ್ ಮಾಡಿ ಹೋಗಬೇಕು. ಕಂಪ್ಯೂಟರ್‌ನಲ್ಲಿ ಮಾಲ್‌ವೇರ್ ಇರುವ ಅನುಮಾನವಿದ್ದರೆ ಬೇರೊಂದು ಸಾಧನದಿಂದ ಬದಲಿಸುವುದು ಒಳ್ಳೆಯದು, ಇಲ್ಲವಾದರೆ ಹೊಸ ಪಾಸ್‌ವರ್ಡೂ ಹಳೆಯದರ ದಾರಿ ಹಿಡಿಯುತ್ತದೆ. ಅದೇ ಪಾಸ್‌ವರ್ಡ್ ಬೇರೆಡೆ ಬಳಸಿದ್ದರೆ ಅಲ್ಲಿಯೂ ಬದಲಿಸಬೇಕು.

ಆಯತಪ್ಪಿ ಒಪ್ಪಿಗೆ ಒತ್ತಿಯೇಬಿಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. 2022ರಲ್ಲೇ ಸಿಸ್ಕೊ ಕಂಪನಿಯ ಉದ್ಯೋಗಿಯೊಬ್ಬರ ಮೇಲೆ ಇದೇ ಬಗೆಯ ದಾಳಿ ನಡೆದಾಗ, ಒಳಗೆ ಬಂದವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಒಪ್ಪಿಗೆ ಕೊಡುವ ಸಾಧನಗಳ ಪಟ್ಟಿಗೆ ತಮ್ಮ ಸಾಧನಗಳನ್ನೇ ಸೇರಿಸಿದ್ದು. ಆಮೇಲೆ ಅವರಿಗೆ ಉದ್ಯೋಗಿಯ ಒಪ್ಪಿಗೆಯೇ ಬೇಕಿರಲಿಲ್ಲ. ಆದ್ದರಿಂದ ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಗುರುತಿಲ್ಲದ ಫೋನುಗಳನ್ನು ತೆಗೆದುಹಾಕಿ, ಖಾತೆ ಮರಳಿ ಪಡೆಯಲು ಕೊಟ್ಟ ನಂಬರ್ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಬೇಕು. ಬಂದ ಮೇಲ್ ಬೇರೆ ವಿಳಾಸಕ್ಕೆ ಹೋಗುವಂತೆ ಯಾರಾದರೂ ಇಟ್ಟಿದ್ದಾರೆಯೇ ಎಂದೂ ನೋಡಬೇಕು. ಹಣ ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಬೇಕು.

ಈ ಉಪದ್ರವಕ್ಕೆ ಮೈಕ್ರೋಸಾಫ್ಟ್ 2023ರ ಮೇ ತಿಂಗಳಲ್ಲಿ ಒಂದು ತಡೆ ಹಾಕಿತು. ಅದರ ಅಥೆಂಟಿಕೇಟರ್ ಆ್ಯಪ್‌ಗೆ ಬರುವ ಕೋರಿಕೆಗಳಲ್ಲಿ, ಲಾಗಿನ್ ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ಫೋನಿನಲ್ಲಿ ಟೈಪ್ ಮಾಡುವುದನ್ನು ಕಡ್ಡಾಯ ಮಾಡಿತು. ಆ ಸಂಖ್ಯೆ ದಾಳಿಕೋರನ ಪರದೆಯಲ್ಲಿರುವುದರಿಂದ ಕಣ್ಣುಮುಚ್ಚಿ ಒತ್ತಿ ಒಪ್ಪಲು ಬರುವುದಿಲ್ಲ. ಆದರೆ ಅವನೇ ಫೋನ್ ಮಾಡಿ “47 ಎಂದು ಹಾಕಿ” ಎಂದರೆ ಈ ತಡೆಯೂ ಮುರಿಯುತ್ತದೆ. ಪಾಸ್‌ಕೀ ಅಥವಾ ಯುಎಸ್‌ಬಿ ಭದ್ರತಾ ಕೀ ಬಳಸಿದರೆ ದೂರದಿಂದ ಒಪ್ಪಿಗೆ ಕೇಳುವ ಪ್ರಶ್ನೆಯೇ ಏಳುವುದಿಲ್ಲ. ಅವು ಕೆಲಸ ಮಾಡುವುದು ಲಾಗಿನ್ ಆಗುತ್ತಿರುವ ಸಾಧನದಲ್ಲೇ ಅಥವಾ ಅದರ ಹತ್ತಿರ ಇದ್ದಾಗ, ಅದೂ ಅಸಲಿ ತಾಣದ ವಿಳಾಸಕ್ಕೆ ಮಾತ್ರ. ಪಾಸ್‌ಕೀ ಮಾಡಿಕೊಂಡ ಮೇಲೆ ಹಳೆಯ ಒಪ್ಪಿಗೆಯ ವಿಧಾನವನ್ನು ಸೆಟ್ಟಿಂಗ್ಸ್‌ನಲ್ಲಿ ಹಾಗೆಯೇ ಬಿಟ್ಟಿದ್ದರೆ, ದಾಳಿಕೋರ ಆ ದಾರಿಯನ್ನೇ ಆರಿಸಿಕೊಳ್ಳಬಲ್ಲ. ತೆಗೆಯಲು ಅವಕಾಶವಿರುವ ಕಡೆ ಅದನ್ನು ತೆಗೆದುಹಾಕಬೇಕು.