ಪಿನ್‌ಕೋಡಿನ ಮೊದಲ ಅಂಕಿ ಹೇಳುವ ದಾರಿ

ನಮ್ಮ ವಿಜಯಪುರವನ್ನು ಬಿಜಾಪುರ ಎಂದೇ ಕರೆಯುವವರು ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಛತ್ತೀಸ್‌ಗಢದ ಬಸ್ತರ್ ಸೀಮೆಯಲ್ಲಿ ಇನ್ನೊಂದು ಬಿಜಾಪುರವಿದೆ, ಅದೂ ಜಿಲ್ಲಾ ಕೇಂದ್ರವೇ. ದೆಹಲಿಯಿಂದ ಯಾರೋ ಒಬ್ಬರು ಲಕೋಟೆಯ ಮೇಲೆ ಬರೀ 'ಬಿಜಾಪುರ' ಎಂದು ಬರೆದು ಡಬ್ಬಿಗೆ ಹಾಕಿದರೆ ಅದು ಯಾವ ಊರಿಗೆ ಹೋಗಬೇಕು? ಊರಿನ ಹೆಸರಿನಿಂದ ಇದು ಬಗೆಹರಿಯುವುದಿಲ್ಲ. ಕೆಳಗೆ 586101 ಎಂದಿದ್ದರೆ ಅದು ನಮ್ಮ ಗೋಲಗುಮ್ಮಟದ ಊರು, 494444 ಎಂದಿದ್ದರೆ ಬಸ್ತರ್ ಕಡೆಯದು. ಅಷ್ಟೂ ಅಂಕಿಗಳನ್ನು ಓದಬೇಕೆಂದೇನೂ ಇಲ್ಲ. ಒಂದು 5ರಿಂದ ಶುರುವಾಗುತ್ತದೆ, ಇನ್ನೊಂದು 4ರಿಂದ. ಎರಡು ಕಾಗದಗಳ ದಾರಿ ಅಲ್ಲಿಗೇ ಬೇರೆಯಾಯಿತು.

ಇಂಥ ಗೊಂದಲ ತಪ್ಪಿಸಲೆಂದೇ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಕೇಂದ್ರದ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಇವರು ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಹತ್ತಾರು ಊರುಗಳು, ಕನ್ನಡ, ಬಂಗಾಳಿ, ಗುರುಮುಖಿ ಎಂದು ನಾನಾ ಲಿಪಿಗಳಲ್ಲಿ ಬರೆದ ವಿಳಾಸಗಳು. ಇವನ್ನೆಲ್ಲ ಓದಬಲ್ಲ ನೌಕರ ಯಾವ ಊರಿನಲ್ಲೂ ಸಿಗುವುದಿಲ್ಲ. ಅಂಕಿಯನ್ನಾದರೆ ಎಲ್ಲರೂ ಓದುತ್ತಾರೆ.

ವೇಲಣಕರ್ ಅವರ ಯೋಜನೆಯಲ್ಲಿ ದೇಶ ಎಂಟು ವಲಯಗಳಾಯಿತು, ಸೇನೆಗೆ ಒಂಬತ್ತನೆಯದನ್ನು ಪ್ರತ್ಯೇಕವಾಗಿ ಇಟ್ಟರು. ಸೊನ್ನೆಯಿಂದ ಶುರುವಾಗುವ ಪಿನ್ ಇಲ್ಲ. ದೆಹಲಿ, ಹರಿಯಾಣ, ಪಂಜಾಬ್, ಹಿಮಾಚಲ, ಜಮ್ಮು-ಕಾಶ್ಮೀರ, ಲಡಾಖ್ ಇವೆಲ್ಲ 1. ಉತ್ತರ ಪ್ರದೇಶ, ಉತ್ತರಾಖಂಡ 2. ರಾಜಸ್ಥಾನ, ಗುಜರಾತ್ 3. ಮಹಾರಾಷ್ಟ್ರ, ಗೋವಾ, ಮಧ್ಯಪ್ರದೇಶ, ಛತ್ತೀಸ್‌ಗಢ 4. ಕರ್ನಾಟಕ, ಆಂಧ್ರ, ತೆಲಂಗಾಣ 5. ಕೇರಳ, ತಮಿಳುನಾಡು 6. ಅಲ್ಲಿಗೆ ನೆಲ ಮುಗಿಯುತ್ತದೆ, ಎಣಿಕೆ ಪೂರ್ವಕ್ಕೆ ಹೊರಳುತ್ತದೆ: ಬಂಗಾಳ, ಒಡಿಶಾ, ಈಶಾನ್ಯ ರಾಜ್ಯಗಳು 7, ಬಿಹಾರ, ಜಾರ್ಖಂಡ್ 8. ಭೂಪಟ ಮುಂದಿಟ್ಟುಕೊಂಡು ಬೆರಳಾಡಿಸಿದರೆ ಈ ಕ್ರಮ ಒಂದೇ ಸಲಕ್ಕೆ ನೆನಪಿನಲ್ಲಿ ಉಳಿಯುತ್ತದೆ.

ಈ ಪಟ್ಟಿಯಲ್ಲಿ ಉತ್ತರಾಖಂಡ, ಛತ್ತೀಸ್‌ಗಢ, ಜಾರ್ಖಂಡ್, ತೆಲಂಗಾಣ ಇವೆ. 1972ರಲ್ಲಿ ಈ ನಾಲ್ಕು ರಾಜ್ಯಗಳು ಹುಟ್ಟಿರಲೇ ಇಲ್ಲ. ನಮ್ಮ ರಾಜ್ಯಕ್ಕೂ ಆಗ ಮೈಸೂರು ಎಂದೇ ಹೆಸರು, ಕರ್ನಾಟಕವೆಂದಾದದ್ದು ಮರುವರ್ಷದ ನವೆಂಬರ್‌ನಲ್ಲಿ. ರಾಜ್ಯಗಳು ಒಡೆದವು, ಹೆಸರುಗಳು ಬದಲಾದವು, ಮೊದಲ ಅಂಕಿ ಮಾತ್ರ ಕದಲಲಿಲ್ಲ. 2014ರಲ್ಲಿ ತೆಲಂಗಾಣ ಬೇರೆಯಾದಾಗ ಹೈದರಾಬಾದಿನವರು ತಮ್ಮ ಪಿನ್ ಬದಲಿಸಿಕೊಳ್ಳಬೇಕಾಗಲಿಲ್ಲ. ಅದೇ ವರ್ಷ ಬಿಜಾಪುರ ವಿಜಯಪುರವಾಯಿತು, 586101 ಹಾಗೇ ಉಳಿಯಿತು. ಮೊದಲ ಅಂಕಿ ರಾಜ್ಯದ ಗುರುತು ಎಂದು ಅನೇಕರು ತಿಳಿದಿದ್ದಾರೆ. ಅದು ಟಪಾಲು ಸಾಗುವ ವಲಯದ ಗುರುತು. ಬಹಳ ಕಡೆ ವಲಯದ ಅಂಚೂ ರಾಜ್ಯದ ಗಡಿಯೂ ಒಂದೇ ಆಗಿರುವುದರಿಂದ ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಎದ್ದು ಕಾಣುವುದು ಪುದುಚೇರಿಯಲ್ಲಿ. ಆಡಳಿತ ಒಂದೇ ಆದರೂ ಅದರ ನೆಲ ನಾಲ್ಕು ಕಡೆ ಚದುರಿಕೊಂಡಿದೆ. ಪುದುಚೇರಿ ಪಟ್ಟಣಕ್ಕೆ 605001, ತಮಿಳುನಾಡಿನ ಕರಾವಳಿಯ ನಡುವೆ ಇರುವ ಕಾರೈಕಾಲ್‌ಗೆ 609602, ಕೇರಳದ ಒಳಗಿರುವ ಮಾಹೆಗೆ 673310. ಮೂರೂ 6. ನಾಲ್ಕನೆಯದಾದ ಯಾನಂ ಗೋದಾವರಿಯ ಮುಖದ ಬಳಿ, ಆಂಧ್ರದ ಕಾಕಿನಾಡದ ಹತ್ತಿರ ಇದೆ. ಅದರ ಪಿನ್ 533464. ಅಧಿಕಾರ ಪುದುಚೇರಿಯದು, ಅಂಕಿ ಆಂಧ್ರದ್ದು. ಹಾಗಿರುವುದೇ ಸರಿ. ಯಾನಂಗೆ ಬರುವ ಕಾಗದ ಪುದುಚೇರಿಗೆ ಹೋಗಿ ಬರುವುದರಲ್ಲಿ ಅರ್ಥವಿಲ್ಲ, ಸುತ್ತಮುತ್ತಲಿನ ಆಂಧ್ರದ ಊರುಗಳ ಚೀಲಗಳ ಜೊತೆಗೇ ಅದು ಬರಬೇಕು. ಲಕ್ಷದ್ವೀಪದ ಕವರತ್ತಿ 682555 ಆಗಿರುವುದೂ ಹೀಗೆಯೇ: ಕೊಚ್ಚಿಯ ಪಿನ್‌ಗಳು 682ರಿಂದ ಶುರುವಾಗುತ್ತವೆ, ದ್ವೀಪಗಳೂ ಅದೇ ಗುಂಪಿಗೆ ಸೇರಿವೆ. ಬಂಗಾಳ ಕೊಲ್ಲಿಯ ಅಂಡಮಾನ್ ಕೋಲ್ಕತ್ತಾ ಕಡೆಯ ವೃತ್ತಕ್ಕೆ ಸೇರಿದ್ದರಿಂದ ಅಲ್ಲಿನ ಪಿನ್ 744 ಎಂದು ತೊಡಗುತ್ತದೆ.

ನಮ್ಮ ಗಡಿಗಳಲ್ಲೇ ಇದನ್ನು ನೋಡಬಹುದು. ಗೌರಿಬಿದನೂರು 561208, ಗಡಿಯಾಚೆಯ ಹಿಂದೂಪುರ 515201. ರಾಜ್ಯ ಬದಲಾಗುತ್ತದೆ, ಮೊದಲ ಅಂಕಿ ಬದಲಾಗುವುದಿಲ್ಲ. ಎರಡನೆಯದನ್ನು ಓದಿದ ಮೇಲೆ ಮಾತ್ರ ಆಂಧ್ರವೋ ಕರ್ನಾಟಕವೋ ತಿಳಿಯುತ್ತದೆ. ಮಂಗಳೂರಿನಿಂದ ತಲಪಾಡಿ ದಾಟಿದರೆ ಸಿಗುವ ಮಂಜೇಶ್ವರದ ಕತೆ ಬೇರೆ. ಅಲ್ಲಿ ಕನ್ನಡ, ತುಳು ಕಿವಿಗೆ ಬೀಳುತ್ತಲೇ ಇರುತ್ತವೆ, ಆದರೆ ಪಿನ್ 671323. ಮಂಗಳೂರಿನ 575001ಕ್ಕೂ ಅದಕ್ಕೂ ಮೊದಲ ಅಂಕಿಯಲ್ಲೇ ಅಂತರ. ಕಾರವಾರ 581301, ಅದರಾಚೆ ಗೋವಾ 403. ಅತ್ತಿಬೆಲೆ 562107, ಅಲ್ಲಿಂದ ಸ್ವಲ್ಪವೇ ಮುಂದಿರುವ ಹೊಸೂರು 635109. ಹತ್ತಿರದ ಊರೆಂದು ನೆಚ್ಚಿಕೊಂಡು ನಮ್ಮ ಕಡೆಯ ಪಿನ್ ಬರೆದುಬಿಟ್ಟರೆ ಕಾಗದ ಗಡಿ ದಾಟದೆ ಇಲ್ಲೇ ಸುತ್ತುತ್ತದೆ.

ಈಗ ವಿಜಯಪುರದ ಆ ಲಕೋಟೆಯನ್ನು ಮತ್ತೆ ಎತ್ತಿಕೊಳ್ಳೋಣ. 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. 58 ಎಂದಾಗ ಕರ್ನಾಟಕವೆಂದು ಖಚಿತವಾಯಿತು, ಅದರಲ್ಲೂ ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿಗಳ ಉತ್ತರ ಭಾಗ. ನಮ್ಮ ರಾಜ್ಯಕ್ಕೆ 56ರಿಂದ 59ರವರೆಗೆ ಸಿಕ್ಕಿದೆ. 586 ಎಂದರೆ ವಿಜಯಪುರದ ವಿಂಗಡಣಾ ಜಿಲ್ಲೆ. ಕೊನೆಯ 101 ಕಾಗದವನ್ನು ಬಟವಾಡೆ ಮಾಡುವ ಅಂಚೆ ಕಚೇರಿ, ಇಲ್ಲಿ ಪ್ರಧಾನ ಕಚೇರಿ. ದೆಹಲಿಯಲ್ಲಿ ವಿಂಗಡಿಸುವವರಿಗೆ ಆ 101 ಬೇಕಾಗುವುದಿಲ್ಲ. ಅದು ಬೇಕಾಗುವುದು ಚೀಲ ವಿಜಯಪುರದಲ್ಲಿ ಬಿಚ್ಚಿದ ಮೇಲೆ.

ಹಾಗಾಗಿ ತಪ್ಪು ಎಲ್ಲಿ ಆಯಿತು ಎನ್ನುವುದರ ಮೇಲೆ ಅದರ ಬೆಲೆ ನಿಂತಿದೆ. ಕೊನೆಯ ಅಂಕಿ ತಪ್ಪಿ 586103 ಎಂದಾದರೆ ಕಾಗದ ವಿಜಯಪುರ ನಗರದಲ್ಲೇ ಇನ್ನೊಂದು ಅಂಚೆ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಸರಿಯಾದ ಕಡೆಗೆ ಕಳಿಸಿಕೊಡುವುದು ಕಷ್ಟವಲ್ಲ. ಮೊದಲ ಅಂಕಿ ತಪ್ಪಿ, 5 ಇರಬೇಕಾದಲ್ಲಿ 6 ಬಂದರೆ? ಅವಸರದ ಕೈಬರಹದಲ್ಲಿ ಈ ಎರಡು ಅಂಕಿಗಳು ಒಂದನ್ನೊಂದು ಹೋಲುತ್ತವೆ. 686101 ಸುಳ್ಳು ಸಂಖ್ಯೆಯಲ್ಲ. ಅದು ಕೇರಳದ ಕೊಟ್ಟಾಯಂ ಜಿಲ್ಲೆಯ ಚಂಗನಾಶ್ಶೇರಿ. ಕಾಗದ ಅಷ್ಟು ದೂರ ಹೋಗಿ, ವಿಳಾಸ ಓದಿದವರು ಊರು ಬೇರೆ ಎಂದು ಗುರುತಿಸಿದರೆ ಮಾತ್ರ ಹಿಂದಕ್ಕೆ ಬರುತ್ತದೆ. ತಡವಾಗಿ ಬಂದ ಲಕೋಟೆಯ ಮೇಲೆ ಕೇಳದ ಊರಿನ ಮುದ್ರೆ ಬಿದ್ದಿದ್ದರೆ, ಅಂಕಿ ಎಲ್ಲಿ ಎಡವಿತೆಂದು ಅದರಿಂದಲೇ ಪತ್ತೆ ಹಚ್ಚಬಹುದು. ಊರಿನ ಜೊತೆಗೆ ಜಿಲ್ಲೆ, ರಾಜ್ಯಗಳ ಹೆಸರನ್ನೂ ಬರೆದಿದ್ದರೆ ಪಿನ್‌ಗೂ ಹೆಸರಿಗೂ ತಾಳೆಯಾಗದ್ದು ದಾರಿಯಲ್ಲೇ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಉಳಿದದ್ದು 9. ಸೇನೆಯಲ್ಲಿರುವ ಮಗನಿಗೋ ಅಣ್ಣನಿಗೋ ಕಾಗದ ಬರೆಯುವ ಮನೆಗಳಲ್ಲಿ '56 ಎಪಿಒ' ಅಥವಾ '99 ಎಪಿಒ' ಎಂಬ ವಿಳಾಸ ಪರಿಚಿತ. ಅದರ ಜೊತೆ ಬರುವ ಪಿನ್ 9ರಿಂದ ಶುರುವಾಗುತ್ತದೆ, ಊರಿನ ಹೆಸರು ಇರುವುದಿಲ್ಲ, ಇರಕೂಡದು. ಎಂಟು ವಲಯಗಳ ಅಂಕಿ ನೆಲವನ್ನು ಹೇಳಿದರೆ ಇದು ನೆಲವನ್ನು ಮುಚ್ಚಿಡುತ್ತದೆ. ಸಾಮಾನ್ಯ ಅಂಚೆಯವರು 9 ಕಂಡ ಕೂಡಲೇ ಕಾಗದವನ್ನು ಸೇನಾ ಅಂಚೆ ಸೇವೆಗೆ ಒಪ್ಪಿಸುತ್ತಾರೆ. ಆ ತುಕಡಿ ಸದ್ಯ ಸಿಯಾಚಿನ್‌ನಲ್ಲಿದೆಯೋ ತವಾಂಗ್‌ನಲ್ಲಿದೆಯೋ ಎಂಬುದು ಸೇನೆಯ ಅಂಚೆಯವರಿಗೆ ಗೊತ್ತು. ತುಕಡಿ ಜಾಗ ಬದಲಿಸಿದರೂ ಮನೆಯವರು ಲಕೋಟೆಯ ಮೇಲೆ ಊರಿನ ಹೆಸರು ಬರೆಯಬೇಕಾಗುವುದಿಲ್ಲ.