ತೆಳು ಕೂದಲಿಗೆ ಬ್ಲಂಟ್ ಬಾಬೋ, ಲೇಯರೋ?

ತಲೆ ಬೋಳಿಸಿದರೆ ಕೂದಲು ದಪ್ಪಗೆ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಆದರೆ ಎಳೆಯ ದಪ್ಪ ನಿರ್ಧಾರವಾಗುವುದು ಚರ್ಮದೊಳಗಿನ ಬುಡದಲ್ಲಿ, ಕತ್ತರಿ ಅಲ್ಲಿಗೆ ಮುಟ್ಟುವುದಿಲ್ಲ. ತುದಿಗಳು ಎಲ್ಲಿ ನಿಲ್ಲಬೇಕು ಎಂಬುದನ್ನಷ್ಟೇ ಅದು ತೀರ್ಮಾನಿಸಬಲ್ಲದು. ಕೂದಲು ದಟ್ಟವಾಗಿ ಕಾಣುವಂತೆ ಮಾಡಲು ಅಷ್ಟೇ ಸಾಕಾಗುತ್ತದೆ.

ನೂರು ಎಳೆಗಳ ಒಂದು ಗೊಂಚಲನ್ನು ತೆಗೆದುಕೊಳ್ಳಿ. ಬ್ಲಂಟ್ ಬಾಬ್‌ನಲ್ಲಿ ನೂರೂ ಗಲ್ಲದ ಮಟ್ಟದ ಒಂದೇ ಗೆರೆಯಲ್ಲಿ ಮುಗಿಯುತ್ತವೆ. ಅದೇ ಗೊಂಚಲಿಗೆ ಲೇಯರ್ ಹಾಕಿದರೆ ಮೂವತ್ತು ಎಳೆ ಎಂಟು ಸೆಂಟಿಮೀಟರ್ ಮೇಲೆಯೇ ನಿಂತುಬಿಡುತ್ತವೆ, ಇನ್ನು ಮೂವತ್ತು ನಾಲ್ಕು ಸೆಂಟಿಮೀಟರ್ ಮೇಲೆ. ಗೆರೆಯವರೆಗೆ ಬರುವುದು ನಲವತ್ತೇ. ಕೂದಲು ಎಷ್ಟಿದೆ ಎಂದು ನೋಡುವವರ ಕಣ್ಣು ಅಳೆಯುವುದು ಬಹುತೇಕ ಆ ಕೆಳಗೆರೆಯಿಂದಲೇ. ಅಲ್ಲಿ ಕತ್ತು, ಬಟ್ಟೆ ಇಣುಕಿದರೆ ಕೂದಲು ಕಡಿಮೆ ಎನಿಸುತ್ತದೆ.

ಹಾಗಾದರೆ ಲೇಯರ್ ಹಾಕಿದರೆ ಕೂದಲು ಎದ್ದು ನಿಲ್ಲುತ್ತದೆ ಎನ್ನುವುದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಎಳೆ ಚಿಕ್ಕದಾದಷ್ಟೂ ಭಾರ ತಗ್ಗಿ ಅದು ಮೇಲೇಳಬಲ್ಲದು. ಆದರೆ ಏಳಲು ಎಳೆಗೆ ಬಿಗಿತ ಬೇಕು. ಆ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. 80 ಮೈಕ್ರಾನ್‌ನ ಎಳೆಗೆ ಹೋಲಿಸಿದರೆ 50 ಮೈಕ್ರಾನ್‌ನ ನವಿರು ಎಳೆಯ ಬಿಗಿತ ಆರರಲ್ಲೊಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ನೇರ, ನವಿರು ಕೂದಲಿನಲ್ಲಿ ಮೇಲಿನ ಲೇಯರ್ ಎದ್ದು ನಿಲ್ಲದೆ ಕೆಳಗಿನದರ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಮೇಲೆ ಉಬ್ಬು ಸಿಗಲಿಲ್ಲ, ಕೆಳಗೆ ಗೆರೆಯೂ ಹೋಯಿತು.

ಉದ್ದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಉದುರಿ ಮತ್ತೆ ಹುಟ್ಟಿದ ಎಳೆಗಳು ಇನ್ನೂ ಚಿಕ್ಕದಾಗಿರುವುದರಿಂದ ಉದ್ದ ಜಡೆಯ ತುದಿ ತಾನಾಗಿಯೇ ಬಡಕಲಾಗುತ್ತದೆ. ಬಾಬ್ ಆ ಬಡಕಲು ಭಾಗವನ್ನೇ ತೆಗೆದುಹಾಕುತ್ತದೆ.

ಕತ್ತರಿಸುವ ರೀತಿ ತಪ್ಪಿದರೆ ಬಾಬ್‌ನ ಲಾಭವೂ ಹೋಗುತ್ತದೆ. ಕೂದಲನ್ನು ನೇರ ಕೆಳಕ್ಕೆ ಬಾಚಿ, ಮೇಲೆತ್ತದೆ, ಸ್ವಲ್ಪಸ್ವಲ್ಪವೇ ಬಿಟ್ಟುಕೊಂಡು ಒಂದೇ ಗೆರೆಗೆ ಕತ್ತರಿಸಬೇಕು. ಎಳೆಗಳನ್ನು ಬೆರಳಲ್ಲಿ ಹಿಡಿದು ಮೇಲೆತ್ತಿ ಕತ್ತರಿಸಿದರೆ, ಕೆಳಗೆ ಬಿಟ್ಟಾಗ ಅವು ಲೇಯರ್ ಆಗಿಯೇ ಇಳಿಯುತ್ತವೆ. ರೇಜರ್ ಮತ್ತು ತೆಳುಗೊಳಿಸುವ ಹಲ್ಲುಕತ್ತರಿ ನವಿರು ಕೂದಲಿಗೆ ಬೇಡವೇ ಬೇಡ. ಉದ್ದ ಭುಜ ಮುಟ್ಟುವಂತಿದ್ದರೆ ತುದಿಗಳು ಅಲ್ಲಿ ತಾಗಿ ಹೊರಕ್ಕೆ ಬಾಗುತ್ತವೆ, ಗೆರೆ ಒಡೆಯುತ್ತದೆ. ಗಲ್ಲಕ್ಕೂ ಭುಜಕ್ಕೂ ನಡುವೆ ನಿಲ್ಲಿಸುವುದು ಒಳ್ಳೆಯದು.

ಎಳೆ ನವಿರಾದರೂ ಸಂಖ್ಯೆ ಹೆಚ್ಚಿದ್ದು, ಅಲೆಯಲೆಯಾಗಿದ್ದರೆ ಮಾತು ಬೇರೆ. ಅಲೆ ತಾನೇ ಎಳೆಗಳನ್ನು ದೂರ ದೂರ ಹಿಡಿದಿಡುತ್ತದೆ, ಅಲ್ಲಿ ಕೆಲವು ಉದ್ದ ಲೇಯರ್‌ಗಳು ನಿಜಕ್ಕೂ ಉಬ್ಬು ಕೊಡುತ್ತವೆ. ನೇರ ಕೂದಲಿನವರಿಗೆ ನನ್ನ ಮತ ಬ್ಲಂಟ್ ಬಾಬ್‌ಗೇ. ಪಾರ್ಲರ್‌ನ ಕುರ್ಚಿಯಿಂದ ಏಳುವ ಮುನ್ನ ತುದಿಗಳ ಹಿಂದೆ ಬೆರಳಿಟ್ಟು ನೋಡಿ. ಬೆರಳು ಸ್ಪಷ್ಟವಾಗಿ ಕಂಡರೆ ಗೆರೆ ತೆಳುವಾಗಿದೆ ಎಂದರ್ಥ, ಇನ್ನೊಂದೆರಡು ಸೆಂಟಿಮೀಟರ್ ನೇರವಾಗಿ ಕತ್ತರಿಸಲು ಹೇಳಿ.